ಮೌಸ್ ತೆಗೆದಿಟ್ಟು ಒಂದು ಫಾರ್ಮ್ ತುಂಬಿ ನೋಡಿ: ಮೊದಲು ಕೀಬೋರ್ಡ್, ಆಮೇಲೆ ಸ್ಕ್ರೀನ್ ರೀಡರ್

ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವ ಒಂದು ಫಾರ್ಮ್ ಪರೀಕ್ಷೆ ಮಾಡುವ ಕೆಲಸ ನನಗೆ ಬಂದಿತ್ತು. ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಹಾಕಿಕೊಂಡು, ಕಣ್ಣು ಮುಚ್ಚಿ, ಮೇಲಿಂದ ಕೆಳಗೆ ಪೂರ್ತಿ ತುಂಬಿದೆ. ಕೊನೆಗೆ ಬಾಣದ ಕೀ ಒತ್ತುತ್ತಾ "ಸಲ್ಲಿಸಿ" ಅನ್ನುವಲ್ಲಿಗೆ ಬಂದು ಎಂಟರ್ ಒತ್ತಿದೆ, ಫಾರ್ಮ್ ಹೋಯಿತು. ಸ್ಕ್ರೀನ್ ರೀಡರ್‌ನಲ್ಲಿ ಕೆಲಸ ಮಾಡುತ್ತದೆ ಅಂದ ಮೇಲೆ ಕೀಬೋರ್ಡ್‌ನಲ್ಲೂ ಮಾಡುತ್ತದೆ ಅಂದುಕೊಂಡು ಎರಡಕ್ಕೂ ಟಿಕ್ ಹಾಕಿದೆ.

ಕೆಲವು ದಿನ ಕಳೆದ ಮೇಲೆ ಒಬ್ಬರಿಂದ ದೂರು ಬಂತು. ಅವರಿಗೆ ಕಣ್ಣು ಚೆನ್ನಾಗಿ ಕಾಣುತ್ತದೆ, ಕೈ ನಡುಗುವುದರಿಂದ ಮೌಸ್ ಹಿಡಿಯಲು ಆಗುವುದಿಲ್ಲ, ಹಾಗಾಗಿ ಬರೀ ಕೀಬೋರ್ಡ್ ಬಳಸುತ್ತಾರೆ. ಎಲ್ಲಾ ತುಂಬಿದರಂತೆ, ಆದರೆ ಸಲ್ಲಿಸುವ ಬಟನ್‌ಗೆ ಟ್ಯಾಬ್ ಹೋಗುತ್ತಲೇ ಇಲ್ಲ. ನೋಡಿದರೆ ಅದು ಬಟನ್ನೇ ಅಲ್ಲ:

```html
<div class="btn" onclick="send()">ಸಲ್ಲಿಸಿ</div>
```

ಹಾಗಾದರೆ ನನಗೆ ಹೇಗೆ ಕೆಲಸ ಮಾಡಿತು? ಸ್ಕ್ರೀನ್ ರೀಡರ್ ನನ್ನ ಪರವಾಗಿ ಮೌಸ್ ಕ್ಲಿಕ್ ಮಾಡಿಬಿಟ್ಟಿತ್ತು. ವೆಬ್ ಪುಟ ಓದುವಾಗ ಎನ್‌ವಿಡಿಎ ತನ್ನದೇ ಒಂದು ಕರ್ಸರ್ ಇಟ್ಟುಕೊಂಡಿರುತ್ತದೆ. ಅದು ಟ್ಯಾಬ್‌ಗೆ ಸಿಗದ ಜಾಗಕ್ಕೂ ಹೋಗುತ್ತದೆ. ಅಲ್ಲಿ ಎಂಟರ್ ಒತ್ತಿದರೆ ಬ್ರೌಸರ್‌ಗೆ ಕ್ಲಿಕ್ ಕಳಿಸುತ್ತದೆ. ಅಂದರೆ ಪುಟದಲ್ಲಿದ್ದ ದೋಷವನ್ನು ಸ್ಕ್ರೀನ್ ರೀಡರ್ ಮುಚ್ಚಿಹಾಕಿತ್ತು.

ಅವತ್ತಿನಿಂದ ನನ್ನ ಪರೀಕ್ಷೆ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಬರೀ ಕೀಬೋರ್ಡ್, ಸ್ಕ್ರೀನ್ ರೀಡರ್ ಪೂರ್ತಿ ಬಂದ್. ಎರಡನೇ ಸುತ್ತಿನಲ್ಲಿ ಸ್ಕ್ರೀನ್ ರೀಡರ್. ಈ ಕ್ರಮ ತಿರುಗುಮುರುಗು ಮಾಡುವುದಿಲ್ಲ. ಅದೇ ಫಾರ್ಮ್ ಇಟ್ಟುಕೊಂಡು ಎರಡೂ ಸುತ್ತು ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ.

ಫಾರ್ಮ್ ಸಾಮಾನ್ಯದ್ದೇ. ಮೇಲೆ ಲೋಗೋ ಮತ್ತು ಮೆನು, ಸ್ಕ್ರೋಲ್ ಮಾಡಿದರೂ ಮೇಲೆಯೇ ಅಂಟಿಕೊಂಡಿರುವ ಪಟ್ಟಿ. ಕೆಳಗೆ ಹೆಸರು, ಮೊಬೈಲ್ ನಂಬರ್, ತಾರೀಕು ಆರಿಸಲು ಒಂದು ಕ್ಯಾಲೆಂಡರ್, ಸಮಯಕ್ಕೆ ನಾಲ್ಕು ರೇಡಿಯೋ ಬಟನ್, ಷರತ್ತು ಒಪ್ಪುವ ಚೆಕ್‌ಬಾಕ್ಸ್, ಸಲ್ಲಿಸುವ ಬಟನ್. ಸಲ್ಲಿಸಿದರೆ "ಖಚಿತವೇ?" ಅಂತ ಕೇಳುವ ಒಂದು ಪಾಪ್‌ಅಪ್. ಪರೀಕ್ಷೆ ಅಂದರೆ ಪುಟದ ಒಂದೊಂದೇ ವಸ್ತು ಮುಟ್ಟಿ ನೋಡುವುದಲ್ಲ, ಈ ಕೆಲಸವನ್ನು ಶುರುವಿನಿಂದ ಕೊನೆಯವರೆಗೆ ಮುಗಿಸುವುದು. ಬಿಡಿಬಿಡಿಯಾಗಿ ಎಲ್ಲಾ ಸರಿ ಇದ್ದು, ಒಂದರಿಂದ ಇನ್ನೊಂದಕ್ಕೆ ಹೋಗುವ ಜಾಗದಲ್ಲಿ ಕೈಕೊಡುವ ಪುಟಗಳನ್ನು ನಾನು ಜಾಸ್ತಿ ನೋಡಿದ್ದೇನೆ.

ಮೊದಲ ಸುತ್ತು: ಬರೀ ಕೀಬೋರ್ಡ್

ಮೌಸ್ ವೈರ್ ಕಿತ್ತಿಡಿ, ಟಚ್‌ಪ್ಯಾಡ್ ಆಫ್ ಮಾಡಿ. ಇದನ್ನು ಮಾಡದಿದ್ದರೆ ಕೈ ತಾನಾಗಿ ಮೌಸ್ ಕಡೆ ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಮ್ಯಾಕ್‌ನಲ್ಲಿ ಸಫಾರಿ ಬಳಸುವವರು ಒಂದು ವಿಷಯ ಗಮನಿಸಿ. ಅಲ್ಲಿ ಸೆಟ್ಟಿಂಗ್ ಬದಲಿಸದಿದ್ದರೆ ಟ್ಯಾಬ್ ಒತ್ತಿದಾಗ ಲಿಂಕ್‌ಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ಅದು ಪುಟದ ದೋಷ ಅಲ್ಲ. ಸಫಾರಿಯ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಟ್ಯಾಬ್ ಒತ್ತಿದರೆ ಪುಟದ ಪ್ರತಿ ಐಟಂಗೂ ಹೋಗಬೇಕು ಅನ್ನುವ ಆಯ್ಕೆಗೆ ಟಿಕ್ ಹಾಕಿ ಆಮೇಲೆ ಶುರು ಮಾಡಿ. ಇದು ಗೊತ್ತಿಲ್ಲದೆ ಸುಮ್ನೆ ಬಗ್ ಬರೆದವರು ತುಂಬಾ ಜನ.

ಈಗ ಪುಟ ರೀಲೋಡ್ ಮಾಡಿ ಟ್ಯಾಬ್ ಒತ್ತಿ. ಪ್ರತಿ ಸಲ ಒತ್ತಿದಾಗಲೂ ಒಂದೇ ಪ್ರಶ್ನೆ: ನಾನೀಗ ಎಲ್ಲಿದ್ದೇನೆ?

ಕೀಬೋರ್ಡ್ ಬಳಸುವವರಿಗೆ ಮೌಸ್ ಬಾಣ ಅಂತ ಒಂದಿಲ್ಲ. ಒತ್ತಿದ ಕೀ ಈಗ ಯಾವ ವಸ್ತುವಿಗೆ ಹೋಗುತ್ತದೋ ಅದರ ಮೇಲೆ ಫೋಕಸ್ ಇದೆ ಅನ್ನುತ್ತಾರೆ, ಅದರ ಸುತ್ತ ಬರುವ ಚೌಕಟ್ಟೇ ಅವರ ಬಾಣ. ಅದು ಚೆನ್ನಾಗಿ ಕಾಣಲ್ಲ ಅಂತ ಯಾರೋ ಸಿಎಸ್‌ಎಸ್‌ನಲ್ಲಿ `outline: none` ಅಂತ ಬರೆದಿರುತ್ತಾರೆ, ಅಷ್ಟಕ್ಕೆ ಇಡೀ ಪುಟ ಕತ್ತಲು. ಕ್ಲಿಕ್ ಮಾಡುವಾಗ ಚೌಕಟ್ಟು ಬೇಡ, ಕೀಬೋರ್ಡ್‌ಗೆ ಮಾತ್ರ ಬೇಕು ಅಂದರೆ ಅದಕ್ಕೆ `:focus-visible` ಇದೆ, ತೆಗೆದುಹಾಕುವ ಅಗತ್ಯವೇ ಇಲ್ಲ. ಚೌಕಟ್ಟು ಇದ್ದರೂ ತಿಳಿ ಬೂದು ಹಿನ್ನೆಲೆಯ ಮೇಲೆ ತಿಳಿ ನೀಲಿ ಗೆರೆಯಾದರೆ ಪ್ರಯೋಜನ ಇಲ್ಲ. ಪಕ್ಕದ ಬಣ್ಣಕ್ಕೂ ಅದಕ್ಕೂ ಕನಿಷ್ಠ 3:1 ಕಾಂಟ್ರಾಸ್ಟ್ ಬೇಕು.

ಕೆಲವು ಸಲ ಟ್ಯಾಬ್ ಒತ್ತುತ್ತೀರಿ, ಚೌಕಟ್ಟು ಮಾಯ. ಇನ್ನೊಂದು ಸಲ, ಇನ್ನೊಂದು ಸಲ, ಏನೂ ಕಾಣುವುದಿಲ್ಲ, ಆರನೇ ಸಲಕ್ಕೆ ಎಲ್ಲೋ ಪ್ರತ್ಯಕ್ಷ. ಆ ಐದು ಸಲ ಫೋಕಸ್ ಎಲ್ಲಿತ್ತು ಅಂತ ಕಂಡುಹಿಡಿಯಲು ಒಂದು ಸುಲಭ ದಾರಿ ಇದೆ. ಕ್ರೋಮ್‌ನಲ್ಲಿ ಡೆವ್‌ಟೂಲ್ಸ್ ತೆರೆದು ಕನ್ಸೋಲ್‌ಗೆ ಹೋಗಿ, ಕಣ್ಣಿನ ಚಿತ್ರದ ಐಕಾನ್ ಒತ್ತಿ, ಅಲ್ಲಿ ಇದನ್ನು ಟೈಪ್ ಮಾಡಿ:

```js
document.activeElement
```

ಈಗ ನೀವು ಪುಟದಲ್ಲಿ ಟ್ಯಾಬ್ ಒತ್ತಿದ ಹಾಗೆಲ್ಲ ಫೋಕಸ್ ಯಾವ ಎಲಿಮೆಂಟ್ ಮೇಲಿದೆ ಅಂತ ಅಲ್ಲಿ ಬದಲಾಗುತ್ತಾ ಇರುತ್ತದೆ. ನಮ್ಮ ಫಾರ್ಮ್‌ನಲ್ಲಿ ಆ ಐದು ಜಾಗ ಮೊಬೈಲ್ ಮೆನುವಿನ ಐದು ಲಿಂಕ್‌ಗಳು. ಮೆನು ಮುಚ್ಚಿದೆ ಅಂತ ನಮಗೆ ಕಾಣುತ್ತದೆ. ನಿಜವಾಗಿ ಅದನ್ನು ಪರದೆಯ ಆಚೆಗೆ ತಳ್ಳಿದ್ದಾರೆ ಅಷ್ಟೇ. ಕಣ್ಣಿಗೆ ಕಾಣದಿದ್ದರೂ ಟ್ಯಾಬ್‌ಗೆ ಸಿಗುತ್ತದೆ. ಮುಚ್ಚಿದ ಮೆನುವಿಗೆ `visibility: hidden` ಅಥವಾ `inert` ಹಾಕಿದರೆ ಟ್ಯಾಬ್ ಅದರೊಳಗೆ ಹೋಗುವುದಿಲ್ಲ.

ಇನ್ನೊಂದು ರೀತಿಯ ಮಾಯ ಇದೆ. ಇದು ಶಿಫ್ಟ್+ಟ್ಯಾಬ್ ಒತ್ತಿ ಹಿಂದಕ್ಕೆ ಬರುವಾಗ ಮಾತ್ರ ಸಿಗುತ್ತದೆ. ಹಿಂದಕ್ಕೆ ಬರುವಾಗ ಪುಟ ಮೇಲಕ್ಕೆ ಸರಿಯುತ್ತದೆ, ಫೋಕಸ್ ಇರುವ ಬಾಕ್ಸ್ ಸರಿಯಾಗಿ ಆ ಅಂಟಿಕೊಂಡ ಪಟ್ಟಿಯ ಅಡಿಗೆ ಹೋಗಿ ಕೂರುತ್ತದೆ. ಮುಂದಕ್ಕೆ ಮಾತ್ರ ಟ್ಯಾಬ್ ಒತ್ತಿ ಪರೀಕ್ಷೆ ಮುಗಿಸಿದವರಿಗೆ ಇದು ಕಾಣುವುದೇ ಇಲ್ಲ. ವೆಬ್ ಪುಟ ಎಲ್ಲರಿಗೂ ಬಳಸಲು ಆಗಬೇಕು ಅಂತ ಇರುವ ಮಾರ್ಗಸೂಚಿ ಡಬ್ಲ್ಯೂಸಿಎಜಿ, 2023ರ ಅಕ್ಟೋಬರ್‌ನಲ್ಲಿ ಬಂದ ಅದರ 2.2ನೇ ಆವೃತ್ತಿಯಲ್ಲಿ ಇದಕ್ಕೆ ಅಂತಲೇ 2.4.11 ಅನ್ನುವ ಹೊಸ ನಿಯಮ ಸೇರಿದೆ. ಪಟ್ಟಿಯ ಎತ್ತರದಷ್ಟು `scroll-padding-top` ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಹಾಗೆಯೇ ಟ್ಯಾಬ್ ಎಷ್ಟು ಸಲ ಒತ್ತಿದಿರಿ ಅಂತ ಎಣಿಸಿ. ಹೆಸರಿನ ಬಾಕ್ಸ್ ಮುಟ್ಟಲು ಮೆನುವಿನ ಇಪ್ಪತ್ತು ಲಿಂಕ್ ದಾಟಬೇಕಾದರೆ, ಮೊದಲ ಟ್ಯಾಬ್‌ಗೇ "ಮುಖ್ಯ ವಿಷಯಕ್ಕೆ ಹೋಗಿ" ಅನ್ನುವ ಲಿಂಕ್ ಸಿಗಬೇಕು. ಲಿಂಕ್ ಇದೆ ಅಂತ ನೋಡಿ ಬಿಟ್ಟುಬಿಡಬೇಡಿ. ಅದರ ಮೇಲೆ ಎಂಟರ್ ಒತ್ತಿ, ಆಮೇಲೆ ಇನ್ನೊಂದು ಸಲ ಟ್ಯಾಬ್ ಒತ್ತಿ. ಹೆಸರಿನ ಬಾಕ್ಸ್‌ಗೆ ಹೋಗಬೇಕು. ಮತ್ತೆ ಮೆನುವಿಗೇ ಹೋದರೆ ಆ ಲಿಂಕ್ ಪುಟ ಸರಿಸುತ್ತದೆ, ಫೋಕಸ್ ಸರಿಸುವುದಿಲ್ಲ ಅಂತ ಅರ್ಥ. ಹೋಗಬೇಕಾದ ಜಾಗಕ್ಕೆ `tabindex="-1"` ಕೊಡುವುದು ಇದಕ್ಕೆ ಔಷಧ.

ಎರಡನೇ ಪ್ರಶ್ನೆ: ಕೀ ಒತ್ತಿದರೆ ಏನಾಗಬೇಕೋ ಅದು ಆಗುತ್ತದೆಯಾ? ಕೀಬೋರ್ಡ್ ಬಳಸುವವರ ಬೆರಳಿಗೆ ಅಭ್ಯಾಸ ಇರುತ್ತದೆ. ಲಿಂಕ್ ಆದರೆ ಎಂಟರ್. ಬಟನ್ ಆದರೆ ಎಂಟರ್ ಮತ್ತು ಸ್ಪೇಸ್ ಎರಡೂ. ಚೆಕ್‌ಬಾಕ್ಸ್‌ಗೆ ಸ್ಪೇಸ್. ರೇಡಿಯೋ ಬಟನ್ ನಾಲ್ಕಿದ್ದರೂ ಟ್ಯಾಬ್‌ಗೆ ಅದು ಒಂದೇ ನಿಲ್ದಾಣ, ಒಳಗೆ ಓಡಾಡಲು ಬಾಣದ ಕೀ. ಹೊಸಬರು ಇಲ್ಲಿ ಎಡವುತ್ತಾರೆ: "ಟ್ಯಾಬ್ ಎರಡನೇ ರೇಡಿಯೋಗೆ ಹೋಗುತ್ತಿಲ್ಲ" ಅಂತ ಬಗ್ ಬರೆಯುತ್ತಾರೆ. ಹೋಗಬಾರದು, ಅದು ಸರಿಯಾದ ವರ್ತನೆ. ನಾಲ್ಕಕ್ಕೂ ಟ್ಯಾಬ್ ನಿಲ್ಲುತ್ತಿದ್ದರೆ ಅದು `<div>`ನಲ್ಲಿ ಮಾಡಿದ ರೇಡಿಯೋ ಇರಬಹುದು ಅಂತ ಅನುಮಾನ ಪಡಬೇಕು.

ಆ ಸಲ್ಲಿಸುವ `<div>`ಗೆ ಡೆವಲಪರ್ ಮೊದಲು ಮಾಡಿದ ತಿದ್ದುಪಡಿ `tabindex="0"` ಸೇರಿಸಿದ್ದು. ಈಗ ಟ್ಯಾಬ್ ಅಲ್ಲಿ ನಿಲ್ಲುತ್ತದೆ, ಚೌಕಟ್ಟೂ ಬರುತ್ತದೆ, ನೋಡಿದರೆ ಎಲ್ಲಾ ಸರಿಯಾಯಿತು ಅನಿಸುತ್ತದೆ. ಎಂಟರ್ ಒತ್ತಿ, ಏನೂ ಆಗುವುದಿಲ್ಲ. ಸ್ಪೇಸ್ ಒತ್ತಿ, ಪುಟ ಕೆಳಗೆ ಜಾರುತ್ತದೆ. ಸ್ಪೇಸ್ ಒತ್ತಿದಾಗ ಪುಟ ಜಾರಿದರೆ ನೀವು ನಿಂತಿರುವುದು ನಿಜವಾದ ಬಟನ್ ಮೇಲೆ ಅಲ್ಲ, ಇದನ್ನು ಗುರುತಿಟ್ಟುಕೊಳ್ಳಿ. `<div>`ಗೆ ಒಂದೊಂದೇ ಕೀ ಕಲಿಸುತ್ತಾ ಹೋಗುವ ಬದಲು ಇಷ್ಟು ಸಾಕು:

```html
<button type="submit">ಸಲ್ಲಿಸಿ</button>
```

ಕ್ಯಾಲೆಂಡರ್ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ತಾರೀಕಿನ ಬಾಕ್ಸ್‌ಗೆ ಟ್ಯಾಬ್ ಹೋದ ಕೂಡಲೇ ಕ್ಯಾಲೆಂಡರ್ ತೆರೆದುಕೊಳ್ಳುತ್ತದೆ, ಎಸ್ಕೇಪ್ ಒತ್ತಿದರೆ ಮುಚ್ಚಿ ಫೋಕಸ್ ಅದೇ ಬಾಕ್ಸ್‌ಗೆ ಬರುತ್ತದೆ, ಬಾಕ್ಸ್‌ಗೆ ಫೋಕಸ್ ಬಂತು ಅಂತ ಮತ್ತೆ ಕ್ಯಾಲೆಂಡರ್ ತೆರೆಯುತ್ತದೆ. ಅಲ್ಲಿಂದ ಹೊರಗೆ ಬರಲು ದಾರಿಯೇ ಇಲ್ಲ. ಇದನ್ನು ಕೀಬೋರ್ಡ್ ಬಲೆ ಅನ್ನುತ್ತಾರೆ. ಬೇರೆ ದೋಷಗಳಲ್ಲಿ ಜನ ಹೇಗೋ ಸುತ್ತಿ ಬಳಸಿ ದಾಟಬಹುದು, ಇಲ್ಲಿ ಸಿಕ್ಕಿಕೊಂಡವರಿಗೆ ಪುಟ ರೀಲೋಡ್ ಮಾಡುವುದು ಬಿಟ್ಟು ಬೇರೆ ದಾರಿ ಇಲ್ಲ, ತುಂಬಿದ್ದೆಲ್ಲ ಹೋಗುತ್ತದೆ. ಹಾಗಾಗಿ ಇದು ಸಿಕ್ಕರೆ ಉಳಿದದ್ದೆಲ್ಲ ಬದಿಗಿಟ್ಟು ಮೊದಲು ಇದನ್ನು ಬರೆಯಿರಿ.

ಬಲೆ ಇಲ್ಲದಿದ್ದರೂ, ಮೂವತ್ತು ದಿನಕ್ಕೂ ಒಂದೊಂದು ಟ್ಯಾಬ್ ನಿಲ್ದಾಣ ಇದ್ದರೆ 28ನೇ ತಾರೀಕು ಬೇಕಾದವರ ಪಾಡು ಯೋಚಿಸಿ. ಕ್ಯಾಲೆಂಡರ್ ಒಳಗೆ ಬಾಣದ ಕೀಯಿಂದ ದಿನ ಬದಲಾಗಬೇಕು, ಪೇಜ್‌ಅಪ್ ಮತ್ತು ಪೇಜ್‌ಡೌನ್‌ನಿಂದ ತಿಂಗಳು. ಎಲ್ಲಕ್ಕಿಂತ ಸುಲಭ ಅಂದರೆ ಬಾಕ್ಸ್‌ನಲ್ಲಿ ತಾರೀಕು ನೇರವಾಗಿ ಟೈಪ್ ಮಾಡಲು ಬಿಡುವುದು, ಯಾವ ರೀತಿ ಬರೆಯಬೇಕು ಅಂತ ಮೊದಲೇ ಹೇಳುವುದು. ಕ್ಯಾಲೆಂಡರ್ ಬೇಕಾದವರಿಗೆ ಪಕ್ಕದಲ್ಲಿ ಒಂದು ಬಟನ್ ಇರಲಿ. ನನಗೆ ಕೇಳಿದರೆ ಈ ಟೈಪ್ ಮಾಡುವ ದಾರಿ ಇಲ್ಲದ ಕ್ಯಾಲೆಂಡರ್ ಯಾವತ್ತೂ ಹಾಕಬಾರದು.

ಇನ್ನು "ಖಚಿತವೇ?" ಪಾಪ್‌ಅಪ್. ಸಲ್ಲಿಸಿ ಅಂತ ಎಂಟರ್ ಒತ್ತಿದ ಕೂಡಲೇ ಫೋಕಸ್ ಪಾಪ್‌ಅಪ್ ಒಳಗೆ ಬರಬೇಕು. ಟ್ಯಾಬ್ ಒತ್ತುತ್ತಾ ಹೋದರೆ ಹಿಂದಿನ ಪುಟದ ಲಿಂಕ್‌ಗಳಿಗೆ ಹೋಗಬಾರದು. ಎಸ್ಕೇಪ್ ಒತ್ತಿದರೆ ಮುಚ್ಚಬೇಕು. ಮುಚ್ಚಿದ ಮೇಲೆ ಫೋಕಸ್ ಮತ್ತೆ ಸಲ್ಲಿಸುವ ಬಟನ್‌ಗೇ ಬರಬೇಕು. ಈ ನಾಲ್ಕರಲ್ಲಿ ಕೊನೆಯದನ್ನೇ ಜನ ಪರೀಕ್ಷೆ ಮಾಡುವುದಿಲ್ಲ, ಅದೇ ಜಾಸ್ತಿ ಕೆಟ್ಟಿರುತ್ತದೆ. ಪಾಪ್‌ಅಪ್ ಮುಚ್ಚಿತು, ಟ್ಯಾಬ್ ಒತ್ತಿದರೆ ಫೋಕಸ್ ಪುಟದ ತುದಿಗೆ, ಲೋಗೋ ಮೇಲೆ. ಕನ್ಸೋಲ್‌ನಲ್ಲಿ ನೋಡಿದರೆ `body` ಅಂತ ತೋರಿಸುತ್ತದೆ. ಅಂದರೆ ಫೋಕಸ್ ಇದ್ದ ವಸ್ತು ಹೋಯಿತು, ಮುಂದೆ ಎಲ್ಲಿಗೆ ಅಂತ ಯಾರೂ ಹೇಳಲಿಲ್ಲ. ಬ್ರೌಸರ್‌ನ `<dialog>` ಎಲಿಮೆಂಟ್ ಅನ್ನು `showModal()` ಮೂಲಕ ತೆರೆದರೆ ಈ ನಾಲ್ಕೂ ತಾನಾಗಿ ಸಿಗುತ್ತದೆ. ಅದರಲ್ಲಿ ಟ್ಯಾಬ್ ಒತ್ತುತ್ತಾ ಹೋದರೆ ಬ್ರೌಸರ್‌ನ ವಿಳಾಸದ ಪಟ್ಟಿಗೆ ಹೋಗಿ ವಾಪಸ್ ಬರಬಹುದು, ಅದು ತಪ್ಪಲ್ಲ. ಹಿಂದಿನ ಪುಟಕ್ಕೆ ಹೋಗಬಾರದು, ಅಷ್ಟೇ.

ಎರಡನೇ ಸುತ್ತು: ಸ್ಕ್ರೀನ್ ರೀಡರ್

ಕೀಬೋರ್ಡ್ ಸುತ್ತಿನ ದೋಷಗಳು ಸರಿಯಾಗುವವರೆಗೆ ಇದನ್ನು ಶುರು ಮಾಡಬೇಡಿ. ಮಾಡಿದರೆ ಅದೇ ದೋಷಗಳನ್ನು ಇನ್ನೊಂದು ಸಲ ಬರೆಯುತ್ತೀರಿ, ಇಲ್ಲ ನನ್ನ ಹಾಗೆ ಮೋಸ ಹೋಗುತ್ತೀರಿ.

ಎನ್‌ವಿಡಿಎ ಉಚಿತ, ವಿಂಡೋಸ್‌ನಲ್ಲಿ ಓಡುತ್ತದೆ. ಇಳಿಸಿಕೊಂಡು ಕ್ರೋಮ್ ಅಥವಾ ಫೈರ್‌ಫಾಕ್ಸ್ ಜೊತೆ ಬಳಸಿ. ಮೊದಲು ಕಲಿಯಬೇಕಾದ್ದು ಮಾತು ನಿಲ್ಲಿಸುವುದು, ಅದಕ್ಕೆ ಕಂಟ್ರೋಲ್ ಕೀ. ಎನ್‌ವಿಡಿಎ ಕೀ ಅಂದರೆ ಇನ್ಸರ್ಟ್. ಇನ್ಸರ್ಟ್+ಕ್ಯೂ ಒತ್ತಿದರೆ ಹೊರಗೆ ಬರಬಹುದು. ಇನ್ನೊಂದು, ಇನ್ಸರ್ಟ್+ಎನ್ ಒತ್ತಿ ಟೂಲ್ಸ್‌ಗೆ ಹೋದರೆ ಸ್ಪೀಚ್ ವ್ಯೂವರ್ ಅಂತ ಇದೆ. ಅದು ಹೇಳುವ ಪ್ರತಿ ಮಾತೂ ಒಂದು ಕಿಟಕಿಯಲ್ಲಿ ಅಕ್ಷರದಲ್ಲಿ ಬರುತ್ತದೆ. ಬಗ್ ಬರೆಯುವಾಗ ಅದರಿಂದಲೇ ಕಾಪಿ ಮಾಡಬಹುದು.

ಮುಂದೆ ಹೋಗುವ ಮೊದಲು ಒಂದು ವಿಷಯ ಅರ್ಥ ಮಾಡಿಕೊಳ್ಳಲೇಬೇಕು. ಇದು ಗೊತ್ತಿಲ್ಲದಿದ್ದರೆ ಎನ್‌ವಿಡಿಎ ಹುಚ್ಚುಹುಚ್ಚಾಗಿ ನಡೆದುಕೊಳ್ಳುತ್ತಿದೆ ಅನಿಸುತ್ತದೆ. ಅದಕ್ಕೆ ಎರಡು ಮೋಡ್ ಇದೆ. ಬ್ರೌಸ್ ಮೋಡ್‌ನಲ್ಲಿ ಕೀಗಳೆಲ್ಲ ಎನ್‌ವಿಡಿಎಗೆ ಹೋಗುತ್ತವೆ: ಎಚ್ ಒತ್ತಿದರೆ ಮುಂದಿನ ಶೀರ್ಷಿಕೆ, ಎಫ್ ಒತ್ತಿದರೆ ಮುಂದಿನ ಫಾರ್ಮ್ ಬಾಕ್ಸ್, ಬಿ ಒತ್ತಿದರೆ ಮುಂದಿನ ಬಟನ್, ಕೆಳಗಿನ ಬಾಣ ಒತ್ತಿದರೆ ಮುಂದಿನ ಸಾಲು. ಫೋಕಸ್ ಮೋಡ್‌ನಲ್ಲಿ ಕೀಗಳು ಪುಟಕ್ಕೆ ಹೋಗುತ್ತವೆ, ಎಚ್ ಒತ್ತಿದರೆ ಬಾಕ್ಸ್‌ನಲ್ಲಿ ಎಚ್ ಅಕ್ಷರ ಬೀಳುತ್ತದೆ. ಟ್ಯಾಬ್ ಒತ್ತಿ ಟೈಪ್ ಮಾಡುವ ಬಾಕ್ಸ್‌ಗೆ ಹೋದರೆ ತಾನಾಗಿ ಫೋಕಸ್ ಮೋಡ್‌ಗೆ ಬದಲಾಗುತ್ತದೆ, ಒಂದು ಸಣ್ಣ ಸದ್ದು ಬರುತ್ತದೆ. ಎಸ್ಕೇಪ್ ಒತ್ತಿದರೆ ಬ್ರೌಸ್ ಮೋಡ್‌ಗೆ ವಾಪಸ್. ಕೈಯಾರೆ ಬದಲಿಸಲು ಇನ್ಸರ್ಟ್+ಸ್ಪೇಸ್.

ಇದರ ಪರಿಣಾಮ ದೊಡ್ಡದು. ಫಾರ್ಮ್ ತುಂಬುವವರು ಟ್ಯಾಬ್ ಒತ್ತುತ್ತಾ ಒಂದು ಬಾಕ್ಸ್‌ನಿಂದ ಇನ್ನೊಂದಕ್ಕೆ ಹಾರುತ್ತಾರೆ. ಎರಡು ಬಾಕ್ಸ್ ನಡುವೆ ಬರೆದಿಟ್ಟ ಬಿಡಿ ಸಾಲು, ಸೂಚನೆಯೋ ತಪ್ಪಿನ ಸಂದೇಶವೋ, ಅವರ ಕಿವಿಗೆ ಬೀಳುವುದೇ ಇಲ್ಲ. ಕಣ್ಣಿಗೆ ಅದು ಬಾಕ್ಸ್ ಪಕ್ಕದಲ್ಲೇ ಇದೆ, ಕೋಡ್‌ನಲ್ಲಿ ಎರಡಕ್ಕೂ ಸಂಬಂಧ ಇಲ್ಲ.

ಪುಟ ತೆರೆದು ಇನ್ಸರ್ಟ್+ಟಿ ಒತ್ತಿ, ಪುಟದ ಹೆಸರು ಹೇಳುತ್ತದೆ. ಐದು ಟ್ಯಾಬ್ ತೆರೆದಿಟ್ಟುಕೊಂಡವರಿಗೆ ಯಾವ ಪುಟ ಅಂತ ಗೊತ್ತಾಗುವುದು ಇದರಿಂದಲೇ. ಬರೀ ಸೈಟ್ ಹೆಸರು ಬಂದರೆ ಸಾಲದು, "ಅಪಾಯಿಂಟ್‌ಮೆಂಟ್" ಅನ್ನುವ ಮಾತು ಅದರಲ್ಲಿ ಇರಬೇಕು. ಆಮೇಲೆ ಎಚ್ ಒತ್ತುತ್ತಾ ಶೀರ್ಷಿಕೆಗಳನ್ನು ಕೇಳಿ. ಬರೀ ದಪ್ಪ ಅಕ್ಷರ ಮಾಡಿ ಬಿಟ್ಟಿದ್ದರೆ ಅದು ಇಲ್ಲಿ ಬರುವುದಿಲ್ಲ. ಕನ್ನಡ ಪುಟವಾದರೆ ಮೇಲಿನ `<html>`ನಲ್ಲಿ `lang="kn"` ಇದೆಯಾ ನೋಡಿ. ಟೆಂಪ್ಲೇಟ್‌ನಿಂದ ಬಂದ `lang="en"` ಹಾಗೇ ಉಳಿದುಕೊಂಡಿರುವುದು ತುಂಬಾ ಸಾಮಾನ್ಯ. ಆಗ ಕನ್ನಡವನ್ನು ಇಂಗ್ಲಿಷ್ ಧ್ವನಿಗೆ ಓದಲು ಕೊಟ್ಟ ಹಾಗಾಗುತ್ತದೆ. ಕೆಲವು ಧ್ವನಿಗಳು ಆ ಸಾಲನ್ನೇ ನುಂಗಿಬಿಡುತ್ತವೆ.

ಈಗ ಫಾರ್ಮ್. ಪ್ರತಿ ಬಾಕ್ಸ್, ಪ್ರತಿ ಬಟನ್ ಹತ್ತಿರ ಮೂರು ವಿಷಯ ಕಿವಿಗೆ ಬೀಳಬೇಕು: ಇದರ ಹೆಸರೇನು, ಇದು ಏನು ವಸ್ತು, ಈಗ ಯಾವ ಸ್ಥಿತಿಯಲ್ಲಿದೆ. ನಮ್ಮ ಫಾರ್ಮ್‌ನಲ್ಲಿ ಮೊದಲ ಸಲ ಟ್ಯಾಬ್ ಒತ್ತುತ್ತಾ ಹೋದಾಗ ಸ್ಪೀಚ್ ವ್ಯೂವರ್‌ನಲ್ಲಿ ಬಂದ ಸಾಲುಗಳಲ್ಲಿ ನಾಲ್ಕು ಹೀಗಿದ್ದವು:

```
ಹೆಸರು  edit  required  blank
edit  blank
button
ಬೆಳಿಗ್ಗೆ 10  radio button  not checked  1 of 4
```

ಮೊದಲ ಸಾಲು ಸರಿ. ಹೆಸರು ಇದೆ, ಟೈಪ್ ಮಾಡುವ ಬಾಕ್ಸ್ ಅಂತ ಗೊತ್ತಾಗುತ್ತದೆ, ಕಡ್ಡಾಯ, ಖಾಲಿ.

ಎರಡನೆಯದು ಮೊಬೈಲ್ ನಂಬರ್. ಹೆಸರೇ ಇಲ್ಲ. ಕಣ್ಣಿಗೆ "ಮೊಬೈಲ್ ನಂಬರ್" ಅಂತ ಬಾಕ್ಸ್ ಮೇಲೆ ಕಾಣುತ್ತದೆ, ಆದರೆ ಅದು ಬರೀ `<span>`. ಇಂಥ ಕಡೆ ಕೆಲವರು ಪ್ಲೇಸ್‌ಹೋಲ್ಡರ್ ಹಾಕಿ ಸರಿ ಮಾಡಿದೆವು ಅನ್ನುತ್ತಾರೆ. ಸ್ಕ್ರೀನ್ ರೀಡರ್ ಅದನ್ನು ಓದಬಹುದು ನಿಜ, ಆದರೆ ಒಂದು ಅಂಕಿ ಟೈಪ್ ಮಾಡಿದ ಕೂಡಲೇ ಪರದೆಯಿಂದ ಮಾಯವಾಗುತ್ತದೆ. ನೆನಪಿನ ತೊಂದರೆ ಇರುವವರಿಗೆ, ಪರದೆ ದೊಡ್ಡದು ಮಾಡಿ ನೋಡುವವರಿಗೆ ಅದು ಸಾಲದು. `<label for>` ಹಾಕಿದರೆ ಎಲ್ಲರಿಗೂ ಆಗುತ್ತದೆ.

ಮೂರನೆಯದು ಕ್ಯಾಲೆಂಡರ್ ತೆರೆಯುವ ಬಟನ್, ಒಳಗೆ ಬರೀ ಚಿತ್ರ. ಬರೀ `button` ಅಂದರೆ ಯಾವುದರ ಬಟನ್? ಇದನ್ನು ಕಿವಿ ಇಲ್ಲದೆಯೂ ಪರೀಕ್ಷಿಸಬಹುದು. ಡೆವ್‌ಟೂಲ್ಸ್‌ನಲ್ಲಿ ಆ ಎಲಿಮೆಂಟ್ ಆರಿಸಿ ಆಕ್ಸೆಸಿಬಿಲಿಟಿ ಪೇನ್ ತೆರೆದರೆ `Name` ಅಂತ ಒಂದು ಸಾಲು ಇರುತ್ತದೆ, ಅದು ಖಾಲಿ ಇದ್ದರೆ ಮುಗಿಯಿತು. ಇಲ್ಲಿ `aria-label="ತಾರೀಕು ಆರಿಸಿ"` ಸಾಕು. ಆದರೆ ಅದನ್ನು ಬರೀ `<div>` ಮೇಲೆ ಹಾಕಿ ಪ್ರಯೋಜನ ಇಲ್ಲ. ಅದು ಏನು ವಸ್ತು ಅಂತಲೇ ಗೊತ್ತಿಲ್ಲದಾಗ ಹೆಸರು ಇಟ್ಟರೂ ಓದುತ್ತದೆ ಅನ್ನುವ ಭರವಸೆ ಇಲ್ಲ.

ನಾಲ್ಕನೆಯದು ಎಷ್ಟೋ ಜನ ಸರಿ ಅಂತ ಬಿಡುತ್ತಾರೆ. ಬೆಳಿಗ್ಗೆ 10, ರೇಡಿಯೋ ಬಟನ್, ಆರಿಸಿಲ್ಲ, ನಾಲ್ಕರಲ್ಲಿ ಒಂದು. ಎಲ್ಲಾ ಇದೆ ಅಲ್ವಾ? ಆದರೆ ಪ್ರಶ್ನೆ ಎಲ್ಲಿ? ಬೆಳಿಗ್ಗೆ 10 ಅಂದರೆ ಬರುವ ಸಮಯವೋ, ಫೋನ್ ಮಾಡುವ ಸಮಯವೋ? ಮೇಲೆ "ಯಾವ ಸಮಯಕ್ಕೆ ಬರುತ್ತೀರಿ?" ಅಂತ ಬರೆದದ್ದು ಬಿಡಿ ಸಾಲು, ಟ್ಯಾಬ್ ಅದನ್ನು ಹಾರಿಸಿ ಬಂದಿದೆ. ನಾಲ್ಕನ್ನೂ `<fieldset>` ಒಳಗಿಟ್ಟು ಆ ಪ್ರಶ್ನೆಯನ್ನು `<legend>` ಮಾಡಿದರೆ, ಗುಂಪಿನ ಒಳಗೆ ಬರುವಾಗಲೇ ಪ್ರಶ್ನೆ ಕೇಳಿಸುತ್ತದೆ.

ಕ್ಯಾಲೆಂಡರ್ ಒಳಗೂ ಇದೇ ಕಥೆ. "14 button, 15 button" ಅಂತ ಓದಿದರೆ ಯಾವ ತಿಂಗಳು, ಯಾವ ವಾರ, ಅದು ಸಿಗುತ್ತದೆಯಾ ಇಲ್ಲವಾ, ಒಂದೂ ಗೊತ್ತಾಗುವುದಿಲ್ಲ. ಬೂದು ಬಣ್ಣ ಹಾಕಿ ಸಿಗದ ದಿನ ಅಂತ ತೋರಿಸಿದ್ದರೆ ಅದು ಕಿವಿಗೆ ಬರುವುದಿಲ್ಲ, `aria-disabled` ಇದ್ದರೆ ಬರುತ್ತದೆ.

ಬೇಕೆಂದೇ ತಪ್ಪು ಮಾಡಿ

ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಎಲ್ಲಾ ಸರಿಯಾಗಿ ತುಂಬುತ್ತಾರೆ. ನಿಜವಾದ ಜನ ತಪ್ಪು ಮಾಡುತ್ತಾರೆ, ಸ್ಕ್ರೀನ್ ರೀಡರ್ ಬಳಸುವವರು ಫಾರ್ಮ್ ಬಿಟ್ಟು ಹೋಗುವುದು ಹೆಚ್ಚಾಗಿ ಇಲ್ಲೇ. ಹಾಗಾಗಿ ಮೊಬೈಲ್ ನಂಬರ್‌ನಲ್ಲಿ ಒಂಬತ್ತೇ ಅಂಕಿ ಹಾಕಿ ಸಲ್ಲಿಸಿ.

ನಮ್ಮ ಫಾರ್ಮ್‌ನಲ್ಲಿ ಏನಾಯಿತು ಅಂದರೆ, ಏನೂ ಆಗಲಿಲ್ಲ. ಪೂರ್ತಿ ಮೌನ. ಪರದೆ ನೋಡಿದರೆ ಬಾಕ್ಸ್ ಕೆಂಪಾಗಿದೆ, ಕೆಳಗೆ ಕೆಂಪು ಅಕ್ಷರದಲ್ಲಿ ಸಂದೇಶ ಇದೆ. ಕಿವಿಗೆ ಮಾತ್ರ ಬಟನ್ ಒತ್ತಿತಾ ಇಲ್ಲವಾ ಅಂತಲೂ ಗೊತ್ತಿಲ್ಲ. ಜನ ಮತ್ತೆ ಒತ್ತುತ್ತಾರೆ, ಮತ್ತೆ ಒತ್ತುತ್ತಾರೆ. ಬಟನ್ ಒತ್ತಿದ ಮೇಲಿನ ಮೌನವನ್ನು ನಾನು ದೊಡ್ಡ ದೋಷ ಅಂತಲೇ ಬರೆಯುತ್ತೇನೆ.

ಆಗಬೇಕಾದ್ದು ಎರಡು. ಸಲ್ಲಿಸಿದ ಕೂಡಲೇ ಫೋಕಸ್ ಮೊದಲ ತಪ್ಪಿನ ಬಾಕ್ಸ್‌ಗೆ ಹೋಗಬೇಕು. ಅಲ್ಲಿಗೆ ಹೋದಾಗ ತಪ್ಪೇನು ಅಂತ ಅದೇ ಬಾಕ್ಸ್‌ನ ಜೊತೆ ಕೇಳಬೇಕು. ಅದಕ್ಕೆ ಸಂದೇಶವನ್ನು ಬಾಕ್ಸ್‌ಗೆ ಕಟ್ಟಬೇಕು:

```html
<label for="mob">ಮೊಬೈಲ್ ನಂಬರ್</label>
<input id="mob" type="tel" required
  aria-invalid="true" aria-describedby="mob-err">
<p id="mob-err">10 ಅಂಕಿ ಇರಬೇಕು, ಈಗ 9 ಇವೆ</p>
```

ಇದಾದ ಮೇಲೆ ಆ ಬಾಕ್ಸ್‌ಗೆ ಬಂದರೆ ಮೊಬೈಲ್ ನಂಬರ್, `invalid entry`, 10 ಅಂಕಿ ಇರಬೇಕು, ಈಗ 9 ಇವೆ ಅಂತ ಒಟ್ಟಿಗೆ ಬರುತ್ತದೆ. ಸರಿ ಮಾಡಿದ ಮೇಲೆ `invalid entry` ಹೋಯಿತಾ ಅಂತಲೂ ನೋಡಿ. ಕೆಂಪು ಬಣ್ಣ ತೆಗೆದು `aria-invalid` ತೆಗೆಯಲು ಮರೆತಿರುವುದು ತುಂಬಾ ಸಲ ಸಿಗುತ್ತದೆ.

ಫೋಕಸ್ ಎಲ್ಲಿಗೂ ಹೋಗದೆ ಬರುವ ಸಂದೇಶಗಳು ಬೇರೆ. "ಉಳಿಸುತ್ತಿದ್ದೇವೆ", "ಈ ಸಮಯ ಈಗಷ್ಟೇ ಬೇರೆಯವರು ತೆಗೆದುಕೊಂಡರು" ಅನ್ನುವಂಥವು. ಇವಕ್ಕೆ `role="status"` ಇರುವ ಜಾಗ ಬೇಕು. ಅದಕ್ಕೆ ಅಂಟಿಕೊಂಡ ಒಂದು ಸೂಕ್ಷ್ಮ ಇದೆ, ಇದರಲ್ಲಿ ಒಳ್ಳೆಯ ಡೆವಲಪರ್‌ಗಳೂ ಎಡವುತ್ತಾರೆ. ಆ ಜಾಗ ಖಾಲಿಯಾಗಿ ಪುಟದಲ್ಲಿ ಮೊದಲೇ ಇರಬೇಕು, ಆಮೇಲೆ ಅದರೊಳಗೆ ಮಾತು ಬೀಳಬೇಕು. ಜಾಗ ಮತ್ತು ಮಾತು ಎರಡನ್ನೂ ಒಟ್ಟಿಗೆ ತಂದು ಪುಟಕ್ಕೆ ಸೇರಿಸಿದರೆ, ಸ್ಕ್ರೀನ್ ರೀಡರ್ ಗಮನಿಸಬಹುದು, ಗಮನಿಸದೆಯೂ ಇರಬಹುದು. "ಒಮ್ಮೆ ಓದಿತು, ಇನ್ನೊಮ್ಮೆ ಓದಲಿಲ್ಲ" ಅನ್ನುವ ಬಗ್ ಬಂದರೆ ನಾನು ಮೊದಲು ಇದನ್ನೇ ಹುಡುಕುತ್ತೇನೆ.

ಪಾಪ್‌ಅಪ್ ತೆರೆದಾಗ ಅದರ ಹೆಸರು ಕೇಳಬೇಕು, "ಖಚಿತವೇ? dialog" ಅನ್ನುವ ಹಾಗೆ. ಆಮೇಲೆ ಬ್ರೌಸ್ ಮೋಡ್‌ನಲ್ಲಿ ಕೆಳಗಿನ ಬಾಣ ಒತ್ತುತ್ತಾ ಹೋಗಿ. ಟ್ಯಾಬ್ ಹಿಂದಿನ ಪುಟಕ್ಕೆ ಹೋಗದಂತೆ ತಡೆದಿರುತ್ತಾರೆ, ಆದರೆ ಸ್ಕ್ರೀನ್ ರೀಡರ್‌ನ ಕರ್ಸರ್ ಸದ್ದಿಲ್ಲದೆ ಹಿಂದಿನ ಪುಟಕ್ಕೆ ಜಾರಿ ಹೋಗುತ್ತದೆ. ಕೀಬೋರ್ಡ್ ಸುತ್ತಿನಲ್ಲಿ ಪಾಸಾದ ಪಾಪ್‌ಅಪ್ ಇಲ್ಲಿ ಫೇಲಾಗುವುದು ಹೀಗೆ. `aria-modal="true"` ಅಥವಾ ಮೇಲೆ ಹೇಳಿದ `showModal()` ಇದನ್ನು ತಡೆಯುತ್ತದೆ. ಇದರ ಉಲ್ಟಾ ದೋಷವೂ ಇದೆ: ಹಿಂದಿನ ಪುಟಕ್ಕೆ `aria-hidden="true"` ಹಾಕಿ, ಮುಚ್ಚುವಾಗ ತೆಗೆಯಲು ಮರೆತಿರುತ್ತಾರೆ. ಪಾಪ್‌ಅಪ್ ಹೋದ ಮೇಲೆ ಇಡೀ ಪುಟ ಮೂಕ. ಹಾಗಾಗಿ ರದ್ದು ಒತ್ತಿ ವಾಪಸ್ ಬಂದ ಮೇಲೂ ಎರಡು ಬಾಕ್ಸ್ ಓದಿಸಿ ನೋಡಿ.

ಬರೆದಿಡುವುದು

"ಸ್ಕ್ರೀನ್ ರೀಡರ್‌ನಲ್ಲಿ ಸರಿ ಇಲ್ಲ" ಅಂತ ಬರೆದರೆ ಯಾರಿಗೂ ಸಹಾಯ ಆಗುವುದಿಲ್ಲ. ಯಾವ ಬ್ರೌಸರ್, ಯಾವ ಸ್ಕ್ರೀನ್ ರೀಡರ್, ಎರಡರ ಆವೃತ್ತಿ, ಯಾವ ಮೋಡ್, ಒತ್ತಿದ ಕೀಗಳು ಕ್ರಮವಾಗಿ, ಕೇಳಿದ್ದು ಏನು, ಕೇಳಬೇಕಾಗಿದ್ದು ಏನು. ಮೋಡ್ ಬರೆಯದಿದ್ದರೆ ಡೆವಲಪರ್ ಬ್ರೌಸ್ ಮೋಡ್‌ನಲ್ಲಿ ನೋಡಿ "ನನಗೆ ಕೆಲಸ ಮಾಡುತ್ತದೆ" ಅಂತ ಮುಚ್ಚಿಬಿಡುತ್ತಾರೆ.

ಆಕ್ಸ್, ವೇವ್, ಲೈಟ್‌ಹೌಸ್ ಥರದ, ದೋಷಗಳನ್ನು ತಾನಾಗಿ ಹುಡುಕುವ ಟೂಲ್‌ಗಳನ್ನು ಓಡಿಸಿ, ಖಂಡಿತ ಓಡಿಸಿ, ಆದರೆ ಈ ಎರಡು ಸುತ್ತಿಗೆ ಮೊದಲು. ನಮ್ಮ ಫಾರ್ಮ್‌ನ ಹೆಸರಿಲ್ಲದ ಬಾಕ್ಸ್ ಮತ್ತು ಬಟನ್ ಅವು ತಕ್ಷಣ ಹಿಡಿಯುತ್ತವೆ. ಕ್ಯಾಲೆಂಡರ್ ಬಲೆ, ಸಲ್ಲಿಸಿದ ಮೇಲಿನ ಮೌನ, ಪಾಪ್‌ಅಪ್ ಮುಚ್ಚಿದ ಮೇಲೆ ಕಳೆದುಹೋಗುವ ಫೋಕಸ್ ಅವಕ್ಕೆ ಗೊತ್ತಾಗುವುದಿಲ್ಲ, ಯಾಕೆಂದರೆ ಅವು ನಿಂತ ಪುಟ ನೋಡುತ್ತವೆ, ಕೆಲಸ ಮಾಡಿ ನೋಡುವುದಿಲ್ಲ.

ಒಂದು ಸ್ಕ್ರೀನ್ ರೀಡರ್‌ನಲ್ಲಿ ಸರಿ ಇದ್ದದ್ದು ಇನ್ನೊಂದರಲ್ಲಿ ಕೆಟ್ಟಿರಬಹುದು. ಎನ್‌ವಿಡಿಎ ಆದ ಮೇಲೆ ಐಫೋನ್‌ನಲ್ಲಿ ವಾಯ್ಸ್‌ಓವರ್, ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಹಾಕಿ ಅದೇ ಫಾರ್ಮ್ ಒಮ್ಮೆ ತುಂಬಿ. ಫೋನ್‌ನಲ್ಲಿ ಟ್ಯಾಬ್ ಇಲ್ಲ, ಬೆರಳು ಬಲಕ್ಕೆ ಸರಿಸಿದರೆ ಮುಂದಿನದು, ಎರಡು ಸಲ ತಟ್ಟಿದರೆ ಆಯ್ಕೆ. ಕಣ್ಣು ಕಾಣುವ ನಾವು ಮಾಡುವ ಪರೀಕ್ಷೆಗೆ ಒಂದು ಮಿತಿಯೂ ಇದೆ. ಪುಟ ಹೇಗಿದೆ ಅಂತ ನಮಗೆ ಮೊದಲೇ ಗೊತ್ತಿರುತ್ತದೆ, ಹಾಗಾಗಿ ಅರ್ಧಂಬರ್ಧ ಕೇಳಿದರೂ ಅರ್ಥ ಆಗಿಬಿಡುತ್ತದೆ. ದಿನವೂ ಸ್ಕ್ರೀನ್ ರೀಡರ್ ಬಳಸುವ ಒಬ್ಬರು ಪಕ್ಕದಲ್ಲಿ ಕೂತು ತುಂಬಿದರೆ, ಅವರು ಎಲ್ಲಿ ತಡೆದು ನಿಲ್ಲುತ್ತಾರೆ ಅನ್ನುವುದು ನನ್ನ ಪಟ್ಟಿಯಲ್ಲಿ ಇಲ್ಲದ್ದನ್ನೂ ತೋರಿಸುತ್ತದೆ. ಆಗ ನೀವು ಸಹಾಯಕ್ಕೆ ಹೋಗಬೇಡಿ, ಸುಮ್ನೆ ಕೂತು ಬರೆದುಕೊಳ್ಳಿ.

ತಿದ್ದುಪಡಿ ಬಂದ ಮೇಲೆ ಮತ್ತೆ ಮೊದಲ ಸುತ್ತಿನಿಂದಲೇ ಶುರು. ಆ ಸಲ್ಲಿಸುವ ಬಟನ್ ಸರಿ ಮಾಡಿ ಕಳಿಸಿದಾಗ ನಾನು ಎನ್‌ವಿಡಿಎ ಮುಚ್ಚಿ, ಮೌಸ್ ತೆಗೆದಿಟ್ಟು, ಟ್ಯಾಬ್ ಒತ್ತುತ್ತಾ ಹೋಗಿ ಅದರ ಮೇಲೆ ನಿಂತು ಸ್ಪೇಸ್ ಒತ್ತಿದೆ. ಪುಟ ಜಾರಲಿಲ್ಲ, "ಖಚಿತವೇ?" ಅಂತ ಕೇಳಿತು. ಎಸ್ಕೇಪ್ ಒತ್ತಿದೆ, ಚೌಕಟ್ಟು ಮತ್ತೆ ಅದೇ ಬಟನ್ ಮೇಲೆ ಬಂತು. ದೂರು ಕೊಟ್ಟವರಿಗೆ ಇನ್ನೊಮ್ಮೆ ತುಂಬಿ ನೋಡಿ ಅಂತ ಬರೆದೆ.